ಸರ್, ನಾಲ್ಕು ದಿನ ಊರಿಂದ ಕೆಲಸ ಮಾಡಲೇ?

‘ಸರ್, ಊರಲ್ಲಿ ಅಮ್ಮನಿಗೆ ಕಣ್ಣಿನ ಆಪರೇಷನ್ ಇದೆ. ಒಂದು ವಾರ ವರ್ಕ್ ಫ್ರಮ್ ಹೋಮ್ ಸಿಗಬಹುದಾ?’ ಎಂದು ಕೇಳಿದವರಿಗೆ ಮ್ಯಾನೇಜರ್ ಕಡೆಯಿಂದ ಬರುವ ಮೊದಲ ಉತ್ತರ ಬಹುತೇಕ ‘ನೋಡೋಣ’. ಕೇಳಿದವರು ಇದನ್ನು ‘ಇಲ್ಲ’ ಎಂದೇ ತಿಳಿದು ಬೇಸರಪಡುತ್ತಾರೆ. ಆದರೆ ಮ್ಯಾನೇಜರ್ ಕುರ್ಚಿಯಲ್ಲಿ ಕುಳಿತು ಯೋಚಿಸಿದರೆ, ಆ ಕ್ಷಣಕ್ಕೆ ಬೇರೆ ಉತ್ತರ ಕೊಡುವುದು ಅವರಿಗೂ ಕಷ್ಟ. ಒಂದು ವಾರ ಎಂದರೆ ಯಾವ ದಿನದಿಂದ ಯಾವ ದಿನದವರೆಗೆ? ಆಪರೇಷನ್ ದಿನವೂ ಕೆಲಸ ಮಾಡುತ್ತಾರೆಯೇ? ಆ ವಾರದ ಗಡುವುಗಳ ಗತಿ ಏನು? ನಾಳೆ ನಿರ್ದೇಶಕರು ‘ಆ ಹುಡುಗಿ ಎಲ್ಲಿ, ಕಾಣಿಸುತ್ತಿಲ್ಲವಲ್ಲ’ ಎಂದರೆ ಏನು ಹೇಳುವುದು? ಇದ್ಯಾವುದಕ್ಕೂ ಆ ಒಂದು ವಾಕ್ಯದಲ್ಲಿ ಉತ್ತರವಿಲ್ಲ.

ಇಂಥ ಕೋರಿಕೆಗೆ ಕಾನೂನಿನ ಬಲ ಎಷ್ಟಿದೆ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಗಳಿಕೆ ರಜೆ ನೌಕರರ ಹಕ್ಕು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದುಡಿದ ಪ್ರತಿ 20 ದಿನಕ್ಕೆ ಒಂದು ದಿನದ ರಜೆ ಜಮೆಯಾಗುತ್ತದೆ. ಮನೆಯಿಂದ ಕೆಲಸ ಮಾಡುವುದಕ್ಕೆ ಅಂಥ ಸಾಮಾನ್ಯ ಹಕ್ಕಿಲ್ಲ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಅದನ್ನು ಪ್ರಸ್ತಾಪಿಸಿತು ನಿಜ. ಅಲ್ಲಿಯೂ ಕೆಲಸದ ಸ್ವರೂಪ ಹೊಂದಬೇಕು, ಮಾಲೀಕರು ಮತ್ತು ಬಾಣಂತಿ ಇಬ್ಬರೂ ಒಪ್ಪಬೇಕು. ಉಳಿದವರಿಗೆಲ್ಲ ಇದು ಕಂಪನಿಯ ನಿಯಮಕ್ಕೆ, ನಿಯಮವಿಲ್ಲದ ಕಡೆ ಮ್ಯಾನೇಜರ್ ವಿವೇಚನೆಗೆ ಬಿಟ್ಟ ವಿಷಯ.

ನಿಯಮಗಳೂ ಕಂಪನಿಯಿಂದ ಕಂಪನಿಗೆ ಬೇರೆ. ಟಿಸಿಎಸ್ 2023ರ ಅಕ್ಟೋಬರ್‌ನಿಂದ ವಾರದ ಐದೂ ದಿನ ಕಚೇರಿಗೆ ಬರುವಂತೆ ಸೂಚಿಸಿತು. ಇನ್ಫೋಸಿಸ್ 2025ರ ಮಾರ್ಚ್‌ನಲ್ಲಿ ಕೆಲವು ಹಂತಗಳ ನೌಕರರಿಗೆ ತಿಂಗಳಿಗೆ ಕನಿಷ್ಠ 10 ದಿನದ ಕಚೇರಿ ಹಾಜರಿಯನ್ನು ಬಿಗಿಗೊಳಿಸಿತು. ಇಂಥ ದೊಡ್ಡ ಕಂಪನಿಯಲ್ಲಿರುವವರು ತಮ್ಮ ಪಾಲಿನ ದಿನಗಳಲ್ಲಿ ಎಷ್ಟು ಉಳಿದಿವೆ ಎಂದು ನೋಡಿಕೊಂಡೇ ಕೇಳಬೇಕು. ನಿಜವಾದ ಕಷ್ಟ ಇರುವುದು ಲಿಖಿತ ನಿಯಮವೇ ಇಲ್ಲದ ಸಣ್ಣ, ಮಧ್ಯಮ ಸಂಸ್ಥೆಗಳಲ್ಲಿ. ಅಲ್ಲಿ ಒಬ್ಬರಿಗೆ ಕೊಟ್ಟ ಅನುಮತಿಯನ್ನು ಉಳಿದವರೆಲ್ಲ ಗಮನಿಸುತ್ತಾರೆ. ಆದ್ದರಿಂದ ಅಂಥದೊಂದು ಕಚೇರಿಯ ಉದಾಹರಣೆಯನ್ನೇ ಕಲ್ಪಿಸಿಕೊಂಡು ನೋಡೋಣ.

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಕಂಪನಿ. ಅದರ ಅಕೌಂಟ್ಸ್ ವಿಭಾಗದಲ್ಲಿ ಮೂವರು: ಮ್ಯಾನೇಜರ್, ನಮ್ಮ ಉದಾಹರಣೆಯ ಉದ್ಯೋಗಿ, ಆಕೆಗಿಂತ ಕಿರಿಯ ಸಹೋದ್ಯೋಗಿ. ಉದ್ಯೋಗಿಯ ಊರು ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿ. ಅಮ್ಮನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಶಿರಸಿಯ ಆಸ್ಪತ್ರೆಯಲ್ಲಿ 2025ರ ಜುಲೈ 15, ಮಂಗಳವಾರ ನಿಗದಿಯಾಗಿದೆ.

ಆಕೆ ಮೊದಲು ವಿಚಾರಿಸಬೇಕಾದದ್ದು ಆಸ್ಪತ್ರೆಯಲ್ಲಿ, ಕಚೇರಿಯಲ್ಲಲ್ಲ. ಪೊರೆಯ ಶಸ್ತ್ರಚಿಕಿತ್ಸೆ ಮುಗಿದ ದಿನವೇ ಸಾಮಾನ್ಯವಾಗಿ ಮನೆಗೆ ಕಳಿಸುತ್ತಾರೆ. ಮರುದಿನ ಒಮ್ಮೆ ತಪಾಸಣೆ, ವಾರದ ಆಸುಪಾಸಿನಲ್ಲಿ ಇನ್ನೊಮ್ಮೆ. ದಿನಕ್ಕೆ ಹಲವು ಸಲ ಕಣ್ಣಿಗೆ ಹನಿ ಹಾಕಬೇಕು, ಇದು ಕೆಲವು ವಾರ ನಡೆಯುತ್ತದೆ. ಮೊದಲ ದಿನಗಳಲ್ಲಿ ಕಣ್ಣಿಗೆ ನೀರು ಬೀಳಬಾರದು, ಭಾರ ಎತ್ತಬಾರದು, ಒಲೆಯ ಹೊಗೆಗೆ ಮುಖ ಒಡ್ಡಬಾರದು. ಮನೆಯಲ್ಲಿ ಯಾರಾದರೂ ಇರಬೇಕು, ಆದರೆ ಹೊತ್ತು ಹೊತ್ತಿಗೂ ಪಕ್ಕದಲ್ಲೇ ಕೂರಬೇಕೆಂದೇನೂ ಇಲ್ಲ.

ಹೀಗೆ ವಿವರ ಸಿಕ್ಕಾಗ ಆ ‘ಒಂದು ವಾರ’ ತಾನಾಗಿಯೇ ಎರಡು ಭಾಗವಾಗುತ್ತದೆ. ಆಸ್ಪತ್ರೆಯಲ್ಲಿ ಕಳೆಯುವ ಹೊತ್ತಿನಲ್ಲಿ ಕೆಲಸ ಸಾಧ್ಯವಿಲ್ಲ, ಅದು ರಜೆ. 15ರಂದು ಪೂರ್ತಿ ದಿನ, 16ರ ಬೆಳಗ್ಗೆ ಅರ್ಧ ದಿನ, 22ರ ಬೆಳಗ್ಗೆ ಅರ್ಧ ದಿನ ಸೇರಿ ಎರಡು ದಿನ ರಜೆ. ಹನಿ ಹಾಕುತ್ತಾ, ಅಡುಗೆ ನೋಡಿಕೊಳ್ಳುತ್ತಾ ಲ್ಯಾಪ್‌ಟಾಪ್ ಮುಂದೆ ಕೂರಬಹುದಾದದ್ದು 16ರ ಮಧ್ಯಾಹ್ನ, 17, 18, 21 ಮತ್ತು 22ರ ಮಧ್ಯಾಹ್ನ. ಅದು ನಾಲ್ಕು ದಿನದ ಕೆಲಸ. 19, 20 ಶನಿವಾರ, ಭಾನುವಾರ. 22ರ ರಾತ್ರಿ ಬಸ್ಸು ಹತ್ತಿದರೆ 23ರ ಬೆಳಗ್ಗೆ ಕಚೇರಿಯಲ್ಲಿ ಹಾಜರು.

ರಜೆಯನ್ನೂ ದೂರದ ಕೆಲಸವನ್ನೂ ಹೀಗೆ ಬಿಡಿಸಿ ಕೇಳುವುದೇ ಇಡೀ ಕೋರಿಕೆಯ ಬೆನ್ನೆಲುಬು. ಅನೇಕರು ರಜೆ ಉಳಿಸಲು ಆಪರೇಷನ್ ದಿನವನ್ನೂ ವರ್ಕ್ ಫ್ರಮ್ ಹೋಮ್ ಲೆಕ್ಕಕ್ಕೆ ಸೇರಿಸುತ್ತಾರೆ. ಆಸ್ಪತ್ರೆಯ ಬೆಂಚಿನಲ್ಲಿ ಕುಳಿತು ಎತ್ತಲಾಗದ ಒಂದೇ ಒಂದು ಫೋನ್ ಕರೆ ಉಳಿದ ನಾಲ್ಕು ದಿನದ ಮೇಲಿನ ನಂಬಿಕೆಯನ್ನೂ ಕೆಡಿಸುತ್ತದೆ. ಎರಡು ದಿನ ರಜೆ ಹಾಕಿ ನಾಲ್ಕು ದಿನ ಕೆಲಸ ಮಾಡುತ್ತೇನೆ ಎಂದವರ ಮಾತಿಗೆ ತೂಕ ಬರುತ್ತದೆ. ಹಾಗೆಯೇ, ಕಾಯಿಲೆಯವರು ತೀವ್ರ ನಿಗಾ ಘಟಕದಲ್ಲಿದ್ದರೆ, ಮನೆಯಲ್ಲಿ ಸಾವು ಸಂಭವಿಸಿದ್ದರೆ ದೂರದ ಕೆಲಸ ಕೇಳಲೇಬಾರದು. ಅಲ್ಲಿ ಬೇಕಾದದ್ದು ಪೂರ್ತಿ ರಜೆ, ಅದನ್ನು ಅಳುಕಿಲ್ಲದೆ ಕೇಳಬೇಕು.

ಕಾರಣವನ್ನು ಎಷ್ಟು ಹೇಳಬೇಕು? ‘ಕೌಟುಂಬಿಕ ಕಾರಣ’ ಎಂದಷ್ಟೇ ಬರೆದರೆ ಮ್ಯಾನೇಜರ್‌ಗೆ ತೀರ್ಮಾನಿಸಲು ಏನೂ ಸಿಗುವುದಿಲ್ಲ. ಅಮ್ಮನ ಸಕ್ಕರೆ ಕಾಯಿಲೆ, ಅಣ್ಣ ಬರಲಾಗದ ಜಗಳ, ವೈದ್ಯರ ಚೀಟಿಯ ಫೋಟೊ ಎಲ್ಲವನ್ನೂ ಹರಡುವ ಅಗತ್ಯವೂ ಇಲ್ಲ. ಏನು ನಡೆಯಲಿದೆ, ಯಾವ ದಿನ, ತಾನೇ ಯಾಕೆ ಅಲ್ಲಿರಬೇಕು, ಈ ಮೂರು ಗೊತ್ತಾದರೆ ಸಾಕು. ತನ್ನದೇ ಆರೋಗ್ಯದ ವಿಷಯವಾದರೆ ಕಾಯಿಲೆಯ ಹೆಸರು ಹೇಳದೆ ‘ವೈದ್ಯರು ಇಷ್ಟು ದಿನ ಪ್ರಯಾಣ ಬೇಡ ಎಂದಿದ್ದಾರೆ’ ಎಂದರೂ ನಡೆಯುತ್ತದೆ. ಪುರಾವೆ ಕೇಳಿದರೆ ಆಗ ಕೊಟ್ಟರಾಯಿತು.

ಇನ್ನು ಗಡುವುಗಳು. ಅಕೌಂಟ್ಸ್‌ನವರ ತಿಂಗಳು ತಾರೀಖುಗಳ ಮೇಲೆಯೇ ನಡೆಯುತ್ತದೆ. 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿಆರ್-3ಬಿ. ನಮ್ಮ ಉದ್ಯೋಗಿ ಕ್ಯಾಲೆಂಡರ್ ಮುಂದಿಟ್ಟುಕೊಂಡರೆ ಎರಡು ತೊಡಕು ಕಣ್ಣಿಗೆ ಬೀಳುತ್ತವೆ. ಪಿಎಫ್ ಗಡುವು ಆಪರೇಷನ್ ದಿನವೇ ಇದೆ. ಹಾಗಾಗಿ ಅದನ್ನು ಹಿಂದಿನ ಶುಕ್ರವಾರ, 11ರಂದೇ ಕಟ್ಟಿ ಮುಗಿಸಬೇಕು. ಎರಡನೆಯದು, 20 ಭಾನುವಾರ ಬಂದಿದೆ. ಅಂದರೆ 3ಬಿ ಸಲ್ಲಿಕೆ ನಿಜಕ್ಕೂ 18ರ ಶುಕ್ರವಾರವೇ ಆಗಬೇಕು. ತಡವಾದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಜೊತೆಗೆ ಬಾಕಿ ತೆರಿಗೆಯ ಮೇಲೆ ವರ್ಷಕ್ಕೆ ಶೇ 18ರ ಬಡ್ಡಿ. ಆ 18ರಂದು ಆಕೆ ಊರಲ್ಲಿ.

ಇಲ್ಲಿ ಕೆಲಸವನ್ನು ಸಣ್ಣ ಸಣ್ಣ ತುಂಡಾಗಿ ಬಿಡಿಸಿ ನೋಡಬೇಕಾಗುತ್ತದೆ. 14ರಂದು ಜಿಎಸ್‌ಟಿ ಪೋರ್ಟಲ್‌ನಲ್ಲಿ 2ಬಿ ಪಟ್ಟಿ ಸಿದ್ಧವಾಗುತ್ತದೆ. ಸರಕು ಕೊಟ್ಟವರು ತಮ್ಮ ರಿಟರ್ನ್‌ನಲ್ಲಿ ತೋರಿಸಿದ ಬಿಲ್ಲುಗಳು ಅದರಲ್ಲಿರುತ್ತವೆ. ಕಂಪನಿಯ ಪುಸ್ತಕದ ಜೊತೆ ಅದನ್ನು ತಾಳೆ ನೋಡುವುದು, ವ್ಯತ್ಯಾಸ ಇದ್ದವರಿಗೆ ಫೋನ್ ಮಾಡುವುದು, ಕಟ್ಟಬೇಕಾದ ತೆರಿಗೆ ಲೆಕ್ಕ ಹಾಕುವುದು, ಚಲನ್ ತಯಾರಿಸುವುದು, ಇವೆಲ್ಲ ಎಲ್ಲಿ ಕುಳಿತರೂ ಆಗುತ್ತವೆ. ಕೊನೆಯ ಹೆಜ್ಜೆ ಮಾತ್ರ ಹಾಗಲ್ಲ. ಕಂಪನಿಯ ರಿಟರ್ನ್‌ಗೆ ನಿರ್ದೇಶಕರ ಡಿಜಿಟಲ್ ಸಹಿ ಬೇಕು. ಆ ಸಹಿ ಇರುವುದು ಪೆನ್‌ಡ್ರೈವ್‌ನಂಥ ಒಂದು ಟೋಕನ್‌ನಲ್ಲಿ, ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿಯೇ ಸಹಿ ಹಾಕಬೇಕು. 2020ರ ಲಾಕ್‌ಡೌನ್‌ನಲ್ಲಿ ಟೋಕನ್‌ಗಳು ಬೀಗ ಹಾಕಿದ ಕಚೇರಿಗಳಲ್ಲೇ ಉಳಿದಾಗ, ಕಂಪನಿಗಳೂ ಒಟಿಪಿ ಮೂಲಕವೇ 3ಬಿ ಸಲ್ಲಿಸಬಹುದು ಎಂದು ಸರ್ಕಾರ ತಾತ್ಕಾಲಿಕ ರಿಯಾಯಿತಿ ಕೊಟ್ಟಿತ್ತು. ಆ ಸವಲತ್ತು ಈಗಿಲ್ಲ.

ಆದ್ದರಿಂದ ಕೆಲಸ ಎರಡು ಕಡೆ ಹಂಚಿಕೆಯಾಗಬೇಕು. ಆಕೆ ಗುರುವಾರ ಸಂಜೆಯೊಳಗೆ ಲೆಕ್ಕ ಮುಗಿಸಿ ಮ್ಯಾನೇಜರ್‌ಗೆ ಕಳಿಸುತ್ತಾಳೆ. ಶುಕ್ರವಾರ ಬೆಳಗ್ಗೆ ಅವರು ನೋಡಿ ಒಪ್ಪುತ್ತಾರೆ. ಆಕೆ ಬ್ಯಾಂಕಿನಲ್ಲಿ ಪಾವತಿಯನ್ನು ದಾಖಲಿಸುತ್ತಾಳೆ, ನಿರ್ದೇಶಕರು ಅನುಮೋದಿಸುತ್ತಾರೆ. ಮಧ್ಯಾಹ್ನ ಕಚೇರಿಯ ಕಂಪ್ಯೂಟರಿನಲ್ಲಿ ಟೋಕನ್ ಸಿಕ್ಕಿಸಿ ಸಲ್ಲಿಸುವುದು ನಿರ್ದೇಶಕರ ಎದುರಲ್ಲಿ ಕಿರಿಯ ಸಹೋದ್ಯೋಗಿಯ ಕೆಲಸ. ನಿರ್ದೇಶಕರು ಅಂದು ಊರಲ್ಲಿರುತ್ತಾರೆಯೇ ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳದಿದ್ದರೆ ಇಷ್ಟೆಲ್ಲ ಯೋಜನೆ ಕಾಗದದಲ್ಲೇ ಉಳಿಯುತ್ತದೆ.

ಟೋಕನ್ ಒಂದೇ ಅಲ್ಲ, ಕಚೇರಿಯ ಗೋಡೆಯೊಳಗೇ ಉಳಿಯುವ ಇನ್ನೂ ಕೆಲವು ಸಂಗತಿಗಳಿವೆ: ಕೊರಿಯರ್‌ನಲ್ಲಿ ಬರುವ ಬಿಲ್ಲುಗಳು, ಚೆಕ್ ಪುಸ್ತಕ, ಸಣ್ಣ ಖರ್ಚಿನ ನಗದು ಪೆಟ್ಟಿಗೆ. ಇವನ್ನು ನೋಡಿಕೊಳ್ಳುವ ಸಹೋದ್ಯೋಗಿಯ ಹೆಸರನ್ನು ಮೇಲ್‌ನಲ್ಲಿ ಬರೆಯುವ ಮೊದಲು ಅವರ ಒಪ್ಪಿಗೆ ಪಡೆದಿರಬೇಕು. ಯೋಜನೆ ಅತಿ ಹೆಚ್ಚು ಮುರಿಯುವುದು ಇಲ್ಲಿಯೇ. ಮ್ಯಾನೇಜರ್ ‘ಬಿಲ್ಲು ನೀನು ಸ್ಕ್ಯಾನ್ ಮಾಡ್ತೀಯಂತೆ?’ ಎಂದು ಕೇಳಿದಾಗ ಆ ಹುಡುಗ ‘ನನಗೇನೂ ಹೇಳಿಲ್ಲ ಸರ್’ ಎಂದುಬಿಟ್ಟರೆ ಉಳಿದ ಮಾತೆಲ್ಲ ವ್ಯರ್ಥ. ಮುಂದಿನ ಸಲ ಅವನು ಊರಿಗೆ ಹೋದಾಗ ಅವನ ಕೆಲಸ ತನ್ನದು ಎಂದು ಆಕೆ ಈಗಲೇ ಹೇಳಿದರೆ, ಅವನಿಗೂ ಇದು ಹೊರೆ ಎನಿಸುವುದಿಲ್ಲ.

ಸಂಪರ್ಕದ ವಿಷಯದಲ್ಲಿ ಜನ ತೀರಾ ದೊಡ್ಡ ಮಾತು ಕೊಡುತ್ತಾರೆ. ‘ಯಾವಾಗ ಬೇಕಾದರೂ ಫೋನ್ ಮಾಡಿ ಸರ್’ ಎಂಬುದು ಕೇಳಲು ಚೆನ್ನ, ನಡೆಸಲು ಆಗದ್ದು. ಜುಲೈ ತಿಂಗಳ ಮಲೆನಾಡಿನಲ್ಲಿ ಮರ ಬಿದ್ದು ತಂತಿ ಹರಿದರೆ ಹೆಸ್ಕಾಂನವರು ಬಂದು ಸರಿಪಡಿಸುವಷ್ಟರಲ್ಲಿ ಅರ್ಧ ದಿನ ಕಳೆದಿರಬಹುದು. ಮನೆಗೆ ಫೈಬರ್ ಇಂಟರ್‌ನೆಟ್ ಇದೆ ಎಂದರೂ ಕರೆಂಟ್ ಹೋದ ಕೂಡಲೇ ಮೋಡೆಮ್ ಆರುತ್ತದೆ. ಇನ್ವರ್ಟರ್ ಇದ್ದರೆ ಮೋಡೆಮ್ ಅದಕ್ಕೆ ಸೇರಿದೆಯೇ ಎಂದು ನೋಡಬೇಕು. ಎಷ್ಟೋ ಮನೆಗಳಲ್ಲಿ ದೀಪ, ಫ್ಯಾನಿಗೆ ಮಾತ್ರ ಸಂಪರ್ಕ ಕೊಟ್ಟಿರುತ್ತಾರೆ. ಬ್ಯಾಂಕಿನ ಒಟಿಪಿ ಬರುವ ಸಿಮ್‌ಗೆ ಆ ಮನೆಯಲ್ಲಿ ಸಿಗ್ನಲ್ ಸಿಗುತ್ತದೆಯೇ ಎಂಬುದು ಇಂಟರ್‌ನೆಟ್‌ನ ವೇಗಕ್ಕಿಂತ ಮುಖ್ಯವಾದ ಪ್ರಶ್ನೆ. ಜಗುಲಿಯ ಮೂಲೆಯಲ್ಲಿ ನಿಂತರೆ ಮಾತ್ರ ಮೆಸೇಜ್ ಬರುವುದಾದರೆ, ಕೆಲಸದ ಮೇಜು ಜಗುಲಿಗೇ ಹೋಗಬೇಕು. ಊರಲ್ಲಿರುವವರಿಗೆ ಹೇಳಿ ಬೆಳಗ್ಗೆ 10ಕ್ಕೆ ಒಮ್ಮೆ, ಸಂಜೆ 4ಕ್ಕೆ ಒಮ್ಮೆ ಪರೀಕ್ಷಿಸಿದರೆ ನಿಜಸ್ಥಿತಿ ತಿಳಿಯುತ್ತದೆ.

ಇನ್ನೊಂದು ಪರೀಕ್ಷೆಯನ್ನು ಬೆಂಗಳೂರಿನಲ್ಲೇ ಮಾಡಬಹುದು. ಸಣ್ಣ ಕಂಪನಿಗಳ ಅಕೌಂಟ್ಸ್ ವಿಭಾಗದಲ್ಲಿ ಇನ್ನೂ ಡೆಸ್ಕ್‌ಟಾಪ್ ಇರುತ್ತದೆ, ಟ್ಯಾಲಿ ಕಚೇರಿಯ ಸರ್ವರ್‌ನಲ್ಲಿರುತ್ತದೆ. ಹೊರಗಿನಿಂದ ಅದನ್ನು ತಲುಪಲು ವಿಪಿಎನ್ ಬೇಕು, ಕಂಪನಿಯ ಲ್ಯಾಪ್‌ಟಾಪ್ ಬೇಕು, ಅದನ್ನು ಹೊರಗೆ ಒಯ್ಯಲು ಅನುಮತಿ ಬೇಕು. ಕಂಪನಿಯ ಲೆಕ್ಕಪುಸ್ತಕವನ್ನು ಸ್ವಂತ ಲ್ಯಾಪ್‌ಟಾಪ್‌ಗೆ ನಕಲು ಮಾಡಿಕೊಂಡು ಹೋಗುವ ಅಭ್ಯಾಸ ಕೆಲವರಲ್ಲಿದೆ. ಆ ಲ್ಯಾಪ್‌ಟಾಪ್ ಬಸ್ಸಿನಲ್ಲಿ ಕಳೆದರೆ ಗತಿ ಏನು ಎಂದು ಯೋಚಿಸಿದರೆ ಅದು ಎಷ್ಟು ಅಪಾಯದ ದಾರಿ ಎಂದು ಗೊತ್ತಾಗುತ್ತದೆ. ಹೊರಡುವ ವಾರದ ಮೊದಲೇ ಒಂದು ಸಂಜೆ ಬಾಡಿಗೆ ಮನೆಯಲ್ಲಿ ಕುಳಿತು, ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ಟ್ಯಾಲಿ ತೆರೆದು, ಒಂದು ವೋಚರ್ ನಮೂದಿಸಿ ನೋಡಬೇಕು. ಪಾಸ್‌ವರ್ಡ್ ಅವಧಿ ಮುಗಿದಿರುವುದು, ಹೊರಗಿನಿಂದ ಪ್ರವೇಶ ಕೊಡದೇ ಇರುವುದು, ರಾತ್ರಿ ಸರ್ವರ್ ಆರಿಸುವ ರೂಢಿ, ಎಲ್ಲವೂ ಆಗಲೇ ಬೆಳಕಿಗೆ ಬರುತ್ತವೆ.

ಇಷ್ಟು ತಯಾರಿ ಆದ ಮೇಲೆ ಕೇಳುವ ಹೊತ್ತು. ಪೊರೆಯ ಶಸ್ತ್ರಚಿಕಿತ್ಸೆಯ ದಿನ ಬಹುಮಟ್ಟಿಗೆ ಮುಂಚೆಯೇ ಗೊತ್ತಿರುತ್ತದೆ, ಆದ್ದರಿಂದ ಎರಡು ಮೂರು ವಾರ ಮೊದಲೇ ಹೇಳದಿರಲು ಕಾರಣವಿಲ್ಲ. ಮೊದಲು ಎದುರಾಎದುರು ಮಾತು, ಆಮೇಲೆ ಮೇಲ್. ಏಕಾಏಕಿ ಮೇಲ್ ಕಳಿಸಿದರೆ ತನ್ನನ್ನು ಕೇಳದೆ ತೀರ್ಮಾನಿಸಿದ್ದಾಳೆ ಎಂದು ಮ್ಯಾನೇಜರ್‌ಗೆ ಅನಿಸಬಹುದು. ಬರೀ ಮಾತಿನಲ್ಲೇ ಬಿಟ್ಟರೆ ಹಾಜರಿ ಪುಸ್ತಕ ನೋಡುವ ಎಚ್‌ಆರ್‌ನವರಿಗೆ ತೋರಿಸಲು ಏನೂ ಉಳಿಯುವುದಿಲ್ಲ. ಮ್ಯಾನೇಜರ್ ಈ ಮೇಲ್ ಅನ್ನು ನಿರ್ದೇಶಕರಿಗೂ ಎಚ್‌ಆರ್‌ಗೂ ದಾಟಿಸುತ್ತಾರೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಅದನ್ನು ಬರೆಯಬೇಕು. ಕಚೇರಿಗಳಲ್ಲಿ ಇದು ಇಂಗ್ಲಿಷಿನಲ್ಲೇ ಹೋಗುವುದು ರೂಢಿ. ಕನ್ನಡದಲ್ಲಿ ಬರೆದರೆ ಹೀಗಿರುತ್ತದೆ:

‘ವಿಷಯ: ಜುಲೈ 15ರಿಂದ 22, ಊರಿಂದ 4 ದಿನ ಕೆಲಸ ಮತ್ತು 2 ದಿನ ರಜೆಗೆ ಅನುಮತಿ ಕೋರಿ

ಸರ್,

ನಿನ್ನೆ ತಮ್ಮೊಂದಿಗೆ ಮಾತಾಡಿದ ಪ್ರಕಾರ ಬರೆಯುತ್ತಿದ್ದೇನೆ. ಜುಲೈ 15ರ ಮಂಗಳವಾರ ನಮ್ಮ ತಾಯಿಗೆ ಶಿರಸಿಯಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಇದೆ. ಮನೆಯಲ್ಲಿ ಅವರೊಬ್ಬರೇ ಇರುವುದರಿಂದ ಮೊದಲ ವಾರ ನಾನು ಜೊತೆಗಿರಬೇಕಾಗಿದೆ.

15ರಂದು ಪೂರ್ತಿ ದಿನ, 16 ಮತ್ತು 22ರ ಬೆಳಗ್ಗೆ ಅರ್ಧ ದಿನ ರಜೆ ಬೇಕು. ಆ ಹೊತ್ತಿನಲ್ಲಿ ನಾನು ಆಸ್ಪತ್ರೆಯಲ್ಲಿರುತ್ತೇನೆ, ಫೋನಿಗೆ ಸಿಗುವುದಿಲ್ಲ. 16ರ ಮಧ್ಯಾಹ್ನ, 17, 18, 21 ಮತ್ತು 22ರ ಮಧ್ಯಾಹ್ನ ಊರಿಂದ ಕೆಲಸ ಮಾಡಲು ಅನುಮತಿ ಕೋರುತ್ತೇನೆ. 23ರ ಬುಧವಾರ ಕಚೇರಿಗೆ ಬರುತ್ತೇನೆ.

ಪಿಎಫ್, ಇಎಸ್‌ಐ 11ರಂದೇ ಕಟ್ಟುತ್ತೇನೆ. 3ಬಿ ಲೆಕ್ಕವನ್ನು 17ರ ಸಂಜೆ 5ರೊಳಗೆ ತಮಗೆ ಕಳಿಸುತ್ತೇನೆ. ತಾವು ಒಪ್ಪಿದ ಮೇಲೆ 18ರ ಮಧ್ಯಾಹ್ನ ಕಚೇರಿಯಲ್ಲಿ ಡಿಜಿಟಲ್ ಸಹಿಯೊಂದಿಗೆ ಸಲ್ಲಿಕೆ. ಅದನ್ನೂ ಬಿಲ್ಲುಗಳ ಸ್ಕ್ಯಾನ್, ಚೆಕ್ ಮತ್ತು ನಗದನ್ನೂ ನೋಡಿಕೊಳ್ಳಲು ನಮ್ಮ ವಿಭಾಗದ ಕಿರಿಯ ಸಹೋದ್ಯೋಗಿ ಒಪ್ಪಿದ್ದಾರೆ. 14ರಂದು ಎಲ್ಲವನ್ನೂ ಅವರಿಗೆ ವಹಿಸಿಕೊಡುತ್ತೇನೆ.

ಕೆಲಸದ ಹೊತ್ತು ಎಂದಿನಂತೆ 9.30ರಿಂದ 6. ಕರೆ ತಪ್ಪಿದರೆ 15 ನಿಮಿಷದೊಳಗೆ ಹಿಂದಿರುಗಿ ಕರೆಯುತ್ತೇನೆ. ಊರಲ್ಲಿ ಕರೆಂಟ್ ಹೋಗುವ ಸಂಭವ ಇರುವುದರಿಂದ ಬೇರೆ ಕಂಪನಿಯ ಎರಡನೇ ಸಿಮ್ ಇಟ್ಟುಕೊಳ್ಳುತ್ತೇನೆ. ಅದೂ ಅರ್ಧ ಗಂಟೆಗಿಂತ ಹೆಚ್ಚು ಸಿಗದಿದ್ದರೆ ಸಿದ್ದಾಪುರ ಪೇಟೆಯ ಬಂಧುಗಳ ಮನೆಗೆ ಹೋಗಿ ಕೆಲಸ ಮುಂದುವರಿಸುತ್ತೇನೆ, ಹೊರಡುವಾಗ ತಿಳಿಸುತ್ತೇನೆ.

ಕಂಪನಿಯ ಒಂದು ಲ್ಯಾಪ್‌ಟಾಪ್ ಮತ್ತು ವಿಪಿಎನ್ ಪ್ರವೇಶ ಬೇಕಾಗುತ್ತದೆ. ಜುಲೈ 4ರೊಳಗೆ ತಮ್ಮ ತೀರ್ಮಾನ ತಿಳಿದರೆ ಮುಂದಿನ ಏರ್ಪಾಡಿಗೆ ಅನುಕೂಲ.’

ಕೊನೆಯ ಸಾಲನ್ನು ಹಲವರು ಸಂಕೋಚದಿಂದ ಬಿಟ್ಟುಬಿಡುತ್ತಾರೆ. ಅದು ಇಲ್ಲದಿದ್ದರೆ ‘ನೋಡೋಣ’ ಹೊರಡುವ ದಿನದವರೆಗೂ ಎಳೆಯುತ್ತದೆ.

ಮ್ಯಾನೇಜರ್ ಇದನ್ನು ಪೂರ್ತಿ ಒಪ್ಪಬೇಕೆಂದಿಲ್ಲ. ‘ನೋಡಮ್ಮ, 18ರಂದು ಡೈರೆಕ್ಟರ್ ಚೆನ್ನೈನಲ್ಲಿರ್ತಾರೆ. 17ಕ್ಕೇ ಸಹಿ ಆಗಬೇಕು, ಆಗುತ್ತಾ?’ ಎನ್ನಬಹುದು. ಆಗ ತಾಳೆ ನೋಡಲು ಉಳಿಯುವುದು 14ರ ಸಂಜೆ, 16ರ ಮಧ್ಯಾಹ್ನ ಮತ್ತು 17ರ ಬೆಳಗ್ಗೆ ಮಾತ್ರ. ದೊಡ್ಡ ಮೊತ್ತದ ಬಿಲ್ಲುಗಳನ್ನು ಮೊದಲು ಎತ್ತಿಕೊಂಡು, ಉಳಿದವನ್ನು 15ರಂದು ಸಹೋದ್ಯೋಗಿ ನೋಡುವುದಾದರೆ ಸಾಧ್ಯ. ಸಾಧ್ಯವಿಲ್ಲ ಎನಿಸಿದರೆ ಆಗಲೇ ಹೇಳುವುದು ಸರಿ. ‘ಆಗುತ್ತೆ ಸರ್’ ಎಂದು ತಲೆಯಾಡಿಸಿ 17ರ ಮಧ್ಯಾಹ್ನ ಕೈಚೆಲ್ಲಿದರೆ ಇಬ್ಬರೂ ಸಿಕ್ಕಿಹಾಕಿಕೊಳ್ಳುತ್ತಾರೆ. ‘ನಾಲ್ಕು ದಿನ ಬೇಡ, ಎರಡು ದಿನ ತಗೊಳ್ಳಿ’ ಎಂಬ ಉತ್ತರವೂ ಬರಬಹುದು. 17, 18 ಊರಿಂದ ಕೆಲಸ ಮಾಡಿ, 21ರ ಬೆಳಗ್ಗೆ ಕಚೇರಿ ತಲುಪಿ, ವಾರದ ತಪಾಸಣೆಗೆ ಅಮ್ಮನ ಜೊತೆ ಹೋಗಲು ಊರಿನವರನ್ನು ಕೇಳಬಹುದೇ ಎಂದು ನೋಡಬೇಕಾಗುತ್ತದೆ. ಪೂರ್ತಿ ನಿರಾಕರಿಸಿದರೆ ಉಳಿಯುವುದು ಎರಡೇ ದಾರಿ: ಆರೂ ದಿನ ಗಳಿಕೆ ರಜೆ ಕೇಳುವುದು, ಇಲ್ಲವೇ ವೈದ್ಯರನ್ನು ಕೇಳಿ ಶಸ್ತ್ರಚಿಕಿತ್ಸೆಯ ದಿನವನ್ನು ಗಡುವುಗಳಿಲ್ಲದ ವಾರಕ್ಕೆ ಸರಿಸುವುದು.

ಅನುಮತಿ ಸಿಕ್ಕ ಮೇಲೆ ಏರ್ಪಾಡು ಕೆಡುತ್ತಿದೆ ಎಂಬುದಕ್ಕೆ ಮೊದಲ ಸೂಚನೆ ಮ್ಯಾನೇಜರ್ ಕಡೆಯಿಂದಲೇ ಬರುತ್ತದೆ. ‘ಎಲ್ಲಿಗೆ ಬಂತು?’ ಎಂದು ಅವರು ದಿನಕ್ಕೆ ಎರಡು ಸಲ ಕೇಳುವಂತಾದರೆ, ಕೆಲಸ ನಡೆಯುತ್ತಿದ್ದರೂ ಅದು ಅವರಿಗೆ ಕಾಣುತ್ತಿಲ್ಲ ಎಂದರ್ಥ. ಕಚೇರಿಯಲ್ಲಿದ್ದಾಗ ಮೇಜಿನ ಪಕ್ಕ ಹಾದುಹೋಗುವಾಗಲೇ ತಿಳಿಯುತ್ತಿದ್ದ ವಿಷಯ ಅದು. ಸಂಜೆ 5.30ಕ್ಕೆ ಮೂರು ಸಾಲಿನ ಮೇಲ್ ಆ ಜಾಗ ತುಂಬುತ್ತದೆ: ಇಂದು ಎಷ್ಟು ಬಿಲ್ಲು ತಾಳೆಯಾಯಿತು, ಯಾರ ಉತ್ತರಕ್ಕೆ ಕಾಯುತ್ತಿದ್ದೇವೆ, ನಾಳೆ ಬೆಳಗ್ಗೆ ಮೊದಲು ಏನು. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು ಎಂದು ವರದಿ ಕಳಿಸುತ್ತಾ ಹೋದರೆ ಅದೇ ಒಂದು ಕೆಲಸವಾಗುತ್ತದೆ, ಓದುವವರಿಗೂ ಬೇಸರ.

ಆಪರೇಷನ್ ಆದ ಕಣ್ಣು ಇದ್ದಕ್ಕಿದ್ದಂತೆ ಕೆಂಪಾಗಿ ನೋವು ಶುರುವಾದರೆ, ದೃಷ್ಟಿ ಮಂಜಾದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಅದು ಗುರುವಾರ ಬೆಳಗ್ಗೆ 11ಕ್ಕೇ ಆಗಬಹುದು. ಆ ಗಳಿಗೆಯಲ್ಲಿ ಮಾಡಬೇಕಾದದ್ದು ಒಂದೇ ಫೋನ್ ಕರೆ: ‘ಸರ್, ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗ್ತಿದ್ದೇನೆ. ಇವತ್ತು ರಜೆ ಅಂತ ಬರೆದುಕೊಳ್ಳಿ. ಲೆಕ್ಕದ ಫೈಲು ಹಂಚಿಕೆಯ ಫೋಲ್ಡರ್‌ನಲ್ಲಿದೆ, ಎಲ್ಲಿ ನಿಲ್ಲಿಸಿದ್ದೇನೆ ಅಂತ ಅದರಲ್ಲೇ ಗುರುತು ಮಾಡಿದ್ದೇನೆ.’ ಫೈಲು ಆಕೆಯ ಲ್ಯಾಪ್‌ಟಾಪ್‌ನಲ್ಲೇ ಇದ್ದರೆ ಈ ಮಾತು ಹೇಳಲು ಬರುವುದಿಲ್ಲ. ಆದ್ದರಿಂದ ಆ ನಾಲ್ಕೂ ದಿನ ಕೆಲಸವನ್ನು ಗಂಟೆಗೊಮ್ಮೆಯಾದರೂ ಎಲ್ಲರಿಗೂ ಸಿಗುವ ಕಡೆ ಉಳಿಸುತ್ತಿರಬೇಕು.

ಇನ್ನೂ ಎರಡು ದಿನ ಬೇಕೆನಿಸಿದರೆ ಅದನ್ನು 22ರ ರಾತ್ರಿ ಬಸ್ ನಿಲ್ದಾಣದಿಂದ ಕೇಳಬಾರದು, 21ರ ಬೆಳಗ್ಗೆಯೇ ಕೇಳಬೇಕು. ಕಿರಿಯ ಸಹೋದ್ಯೋಗಿ ಒಪ್ಪಿರುವುದು 22ರವರೆಗೆ ಮಾತ್ರ, ಮೊದಲು ಅವನನ್ನು ಕೇಳಿ ಆಮೇಲೆ ಮ್ಯಾನೇಜರ್‌ಗೆ ಫೋನ್ ಮಾಡಬೇಕು. ಜೂನ್ ತ್ರೈಮಾಸಿಕದ ಟಿಡಿಎಸ್ ರಿಟರ್ನ್‌ಗೆ 31 ಕೊನೆಯ ದಿನ. ಹಾಗಾಗಿ ಅವರ ಮೊದಲ ಪ್ರಶ್ನೆ ಅದರದ್ದೇ ಆಗಿರುತ್ತದೆ. ಯಾವ ಚಲನ್‌ಗಳು ತಾಳೆಯಾಗಿವೆ, ಯಾರ ಪ್ಯಾನ್ ಸಂಖ್ಯೆ ಇನ್ನೂ ಬರಬೇಕಿದೆ ಎಂಬ ಪಟ್ಟಿಯನ್ನು ಕೈಯಲ್ಲಿ ಹಿಡಿದೇ ಆ ಕರೆ ಮಾಡಬೇಕು.